ಈ ಕೋರ್ಸ್ ಏಕೆ, ದುಡ್ಡು ಎಲ್ಲಿಂದ?

ಚೆನ್ನೈನ ಅಣ್ಣಾ ಸಾಲೈನಲ್ಲಿ, ಜೆಮಿನಿ ಮೇಲ್ಸೇತುವೆಯ ಹತ್ತಿರ ಅಮೆರಿಕದ ಕಾನ್ಸುಲೇಟ್ ಇದೆ. ಕರ್ನಾಟಕದಿಂದ ಅಮೆರಿಕಕ್ಕೆ ಓದಲು ಹೊರಟ ಮಕ್ಕಳಲ್ಲಿ ಬಹಳಷ್ಟು ಮಂದಿ ರಾತ್ರಿ ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ಕಂಕುಳಲ್ಲಿ ದಪ್ಪ ಫೈಲು. ಅದರಲ್ಲಿ ಅಂಕಪಟ್ಟಿಯಿಂದ ಹಿಡಿದು ಅಜ್ಜನ ಕಾಲದ ಜಮೀನು ಪತ್ರದವರೆಗೆ ಎಲ್ಲವೂ ಇರುತ್ತದೆ. ಸಾಲಿನಲ್ಲಿ ಎರಡು ಗಂಟೆ ನಿಂತ ಮೇಲೆ ಗಾಜಿನ ಕಿಟಕಿಯ ಮುಂದೆ ಸಿಗುವ ಹೊತ್ತು ಎರಡೋ ಮೂರೋ ನಿಮಿಷ. ಎಷ್ಟೋ ಸಲ ಆ ಫೈಲಿನ ದಾರವನ್ನೂ ಯಾರೂ ಬಿಚ್ಚಿಸುವುದಿಲ್ಲ. ಅಧಿಕಾರಿ ಕೇಳುತ್ತಾರೆ, ಹುಡುಗ ಅಥವಾ ಹುಡುಗಿ ಹೇಳುತ್ತಾರೆ, ತೀರ್ಮಾನ ಆಗಿಬಿಡುತ್ತದೆ.

ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾರಣಕ್ಕೆ ಈ ಮೂರು ನಿಮಿಷಕ್ಕೆ ತಯಾರಾಗುವ ಮಕ್ಕಳು ನನ್ನ ಮನೆಗೆ ಬರುತ್ತಾರೆ. ಎದುರು ಕೂರಿಸಿಕೊಂಡು ನಾನು ಮುಖ್ಯವಾಗಿ ಎರಡೇ ಪ್ರಶ್ನೆ ಕೇಳುತ್ತೇನೆ. ಈ ಕೋರ್ಸ್ ಏಕೆ? ಫೀಸು ಯಾರು ಕಟ್ಟುತ್ತಾರೆ? ಮೊದಲನೆಯದಕ್ಕೆ ಎಲ್ಲಿಂದಲೋ ಬಾಯಿಪಾಠ ಮಾಡಿದ ಉತ್ತರ ಬರುತ್ತದೆ. ಎರಡನೆಯದಕ್ಕೆ "ಅಪ್ಪ ನೋಡಿಕೊಳ್ಳುತ್ತಾರೆ ಮೇಡಂ" ಎನ್ನುತ್ತಾರೆ. ಅಪ್ಪನ ವರ್ಷದ ಆದಾಯ ಎಷ್ಟು ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಇಪ್ಪತ್ತಮೂರು ವರ್ಷದ ಮಕ್ಕಳಿಗೆ ಮನೆಯ ಆದಾಯ ಗೊತ್ತಿಲ್ಲ. ಅವರಿಗೆ ಯಾರೂ ಹೇಳಿಲ್ಲ.

ಕಿಟಕಿಯ ಆ ಕಡೆ ಕೂತವರ ಕೆಲಸ ಏನೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ವಿದ್ಯಾರ್ಥಿ ವೀಸಾಕ್ಕೆ ಎಫ್-1 ಎಂದು ಹೆಸರು. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ, ಅರ್ಜಿ ಹಾಕಿದವರನ್ನು ಅಲ್ಲಿಯೇ ನೆಲೆಸಲು ಹೊರಟವರೆಂದೇ ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಭಾರ ಅರ್ಜಿದಾರರ ಮೇಲೆಯೇ ಇದೆ. ಅಂದರೆ ಮಾತು ಶುರುವಾಗುವ ಮೊದಲು ಉತ್ತರ "ಇಲ್ಲ" ಎಂದೇ ಇರುತ್ತದೆ. ಅದನ್ನು "ಹೌದು" ಮಾಡಲು ಅಧಿಕಾರಿಗೆ ಮೂರು ವಿಷಯ ಮನದಟ್ಟಾಗಬೇಕು: ಇವರು ನಿಜವಾಗಿಯೂ ಓದಲು ಹೋಗುತ್ತಿದ್ದಾರೆ, ಓದಿಗೆ ಬೇಕಾದ ದುಡ್ಡು ಇದೆ, ಓದು ಮುಗಿದ ಮೇಲೆ ಹಿಂತಿರುಗಲು ಊರಿನಲ್ಲಿ ಬೇರು ಇದೆ. ದುಡ್ಡಿನ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣ ಸಿದ್ಧವಿರಬೇಕು. ಮುಂದಿನ ಅವಧಿಗೆ ನಂಬಬಹುದಾದ ಮೂಲ ಇರಬೇಕು. ಪೂರ್ತಿ ಕೋರ್ಸಿನ ಹಣ ಇವತ್ತೇ ಬ್ಯಾಂಕಿನಲ್ಲಿ ಬಿದ್ದಿರಬೇಕೆಂದು ಯಾರೂ ಕೇಳುವುದಿಲ್ಲ.

ನೀವು ಕಿಟಕಿಯ ಹತ್ತಿರ ಹೋಗುವಷ್ಟರಲ್ಲಿ ನಿಮ್ಮ ಡಿಎಸ್-160 ಅರ್ಜಿ ಅಧಿಕಾರಿಯ ಪರದೆಯ ಮೇಲೆ ಇರುತ್ತದೆ. ನಿಮ್ಮ ಕೆಲಸ, ಓದು, ಪ್ರವಾಸ, ಅಪ್ಪ ಅಮ್ಮನ ವಿವರ ಎಲ್ಲವೂ ಅದರಲ್ಲಿದೆ. ಈ ಅರ್ಜಿಯನ್ನು ಏಜೆಂಟರ ಕೈಗೆ ಕೊಟ್ಟು ತುಂಬಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ನಿಮ್ಮ ಪ್ರಯಾಣದ ಖರ್ಚು ಯಾರದು ಎಂಬ ಪ್ರಶ್ನೆ ಅರ್ಜಿಯಲ್ಲಿದೆ. ಏಜೆಂಟರ ಹುಡುಗ ಅವಸರದಲ್ಲಿ "ಸ್ವಂತ" ಎಂದು ಗುರುತು ಹಾಕಿರುತ್ತಾನೆ. ಕಿಟಕಿಯಲ್ಲಿ ಹುಡುಗಿ "ಅಪ್ಪ ಅಮ್ಮ ಕಟ್ಟುತ್ತಾರೆ" ಎನ್ನುತ್ತಾಳೆ. ಅವಳು ಸುಳ್ಳು ಹೇಳಿಲ್ಲ, ಆದರೆ ಪರದೆ ಒಂದು ಹೇಳುತ್ತಿದೆ, ಬಾಯಿ ಇನ್ನೊಂದು ಹೇಳುತ್ತಿದೆ. ಮೂರು ನಿಮಿಷದಲ್ಲಿ ಅದನ್ನು ಸರಿಪಡಿಸುವುದು ಕಷ್ಟ. ಅರ್ಜಿಯನ್ನು ನೀವೇ ತುಂಬಿ. ಯಾರಾದರೂ ತುಂಬಿಕೊಟ್ಟಿದ್ದರೆ ಅದರ ಪ್ರತಿ ತೆಗೆದುಕೊಂಡು ಸಾಲು ಸಾಲಾಗಿ ಓದಿ, ತಪ್ಪಿದ್ದರೆ ಸಂದರ್ಶನಕ್ಕೆ ಮೊದಲೇ ತಿದ್ದಿಸಿ. ಕಳೆದ ಐದು ವರ್ಷದಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಅದರಲ್ಲಿ ಬರೆಯಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾದವರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆಯೂ ಬಂದಿದೆ. ಅಲ್ಲಿ ನಿಮ್ಮ ಕೆಲಸ, ಓದಿನ ಬಗ್ಗೆ ಬರೆದುಕೊಂಡಿರುವುದು ಅರ್ಜಿಗೆ ಹೊಂದಬೇಕು.

ಎರಡನೆಯ ಕಾಗದ ಐ-20. ಪ್ರವೇಶ ಕೊಟ್ಟ ವಿಶ್ವವಿದ್ಯಾಲಯ ಕಳಿಸುವ ಪತ್ರ ಇದು. ಕೋರ್ಸಿನ ಹೆಸರು, ಶುರುವಾಗುವ ಮತ್ತು ಮುಗಿಯುವ ದಿನಾಂಕದ ಕೆಳಗೆ ಎರಡು ಪಟ್ಟಿಗಳಿರುತ್ತವೆ. ಒಂದರಲ್ಲಿ ಖರ್ಚು: ಬೋಧನಾ ಶುಲ್ಕ, ಊಟ ವಸತಿ, ಆರೋಗ್ಯ ವಿಮೆ ಮುಂತಾದ ಇತರೆ ವೆಚ್ಚ, ಒಟ್ಟು. ಇನ್ನೊಂದರಲ್ಲಿ ಆ ಹಣ ಎಲ್ಲಿಂದ ಬರುತ್ತದೆ: ಸ್ವಂತದ್ದು, ವಿಶ್ವವಿದ್ಯಾಲಯ ಕೊಡುವುದು, ಬೇರೆ ಮೂಲದ್ದು. ಒಟ್ಟು ಎಷ್ಟು ತಿಂಗಳಿನದು ಎಂಬುದನ್ನೂ ಅಲ್ಲಿಯೇ ಬರೆದಿರುತ್ತಾರೆ. ಕೆಲವು ಕಡೆ 12 ತಿಂಗಳು, ಕೆಲವು ಕಡೆ 9. ಆ ಅಂಕಿ ನೋಡದೆ ಲೆಕ್ಕ ಹಾಕಿದರೆ ಬೇಸಿಗೆಯ ಮೂರು ತಿಂಗಳ ಬಾಡಿಗೆ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ನಿಮ್ಮ ದುಡ್ಡಿನ ಉತ್ತರ ಹುಟ್ಟಬೇಕಾದ್ದು ಈ ಎರಡು ಪಟ್ಟಿಗಳಿಂದ.

ಇನ್ನು ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ತೀರ್ಥಹಳ್ಳಿ ಕಡೆಯ ಹುಡುಗಿ ಎಂದು ಇಟ್ಟುಕೊಳ್ಳಿ. ಸಿವಿಲ್ ಇಂಜಿನಿಯರಿಂಗ್ ಮುಗಿಸಿದ್ದಾಳೆ. ಎರಡು ವರ್ಷ ಶಿವಮೊಗ್ಗದ ಒಂದು ಸಣ್ಣ ಸಂಸ್ಥೆಯಲ್ಲಿ ಘಾಟಿ ರಸ್ತೆಗಳ ತಡೆಗೋಡೆ ಕೆಲಸ ನೋಡಿಕೊಂಡಿದ್ದಾಳೆ. ಅಪ್ಪನಿಗೆ ಮೂರು ಎಕರೆ ಅಡಿಕೆ ತೋಟ, ಅಮ್ಮ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಜಿಯೊಟೆಕ್ನಿಕಲ್ ಇಂಜಿನಿಯರಿಂಗ್, ಎಂದರೆ ಮಣ್ಣು ಮತ್ತು ಅಡಿಪಾಯದ ಶಾಸ್ತ್ರದಲ್ಲಿ ಎಂ.ಎಸ್. ಮಾಡಲು ಅವಳಿಗೆ ಸೀಟು ಸಿಕ್ಕಿದೆ. ಒಂದೂವರೆ ವರ್ಷದ ಕೋರ್ಸು.

ಈ ಕೋರ್ಸ್ ಏಕೆ ಎಂದು ನಾನು ಕೇಳಿದರೆ ಅವಳು ಮೊದಲ ಸಲ ಹೇಳುವುದು ಬಹುಶಃ ಹೀಗಿರುತ್ತದೆ: ಆ ವಿಶ್ವವಿದ್ಯಾಲಯಕ್ಕೆ ಒಳ್ಳೆಯ ರ‍್ಯಾಂಕ್ ಇದೆ, ಅನುಭವಿ ಪ್ರಾಧ್ಯಾಪಕರಿದ್ದಾರೆ, ಸುಸಜ್ಜಿತ ಪ್ರಯೋಗಾಲಯವಿದೆ, ಅಂತರರಾಷ್ಟ್ರೀಯ ಅನುಭವ ಸಿಗುತ್ತದೆ. ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಅವಳ ಹಿಂದೆ ಸಾಲಿನಲ್ಲಿ ನಿಂತ ಕಂಪ್ಯೂಟರ್ ಸೈನ್ಸ್ ಹುಡುಗನೂ ಅದನ್ನೇ ಹೇಳಬಹುದು, ಅವನ ಹಿಂದೆ ನಿಂತ ಎಂ.ಬಿ.ಎ. ಹುಡುಗಿಯೂ ಹೇಳಬಹುದು. ಬೆಳಿಗ್ಗೆಯಿಂದ ಇಂಥ ಉತ್ತರಗಳನ್ನೇ ಕೇಳಿದ ಅಧಿಕಾರಿಗೆ ಇದರಿಂದ ಏನೂ ತಿಳಿಯುವುದಿಲ್ಲ.

ಹಾಗಾಗಿ ನಾನು ಕೋರ್ಸಿನ ಮಾತು ಬಿಟ್ಟು ಅವಳ ಕೆಲಸದ ಬಗ್ಗೆ ಕೇಳುತ್ತೇನೆ. ಎರಡು ವರ್ಷದಲ್ಲಿ ನಿನಗೆ ಬಗೆಹರಿಯದೆ ಉಳಿದ ಒಂದು ಸಂಗತಿ ಯಾವುದು? ಆಗ ಅವಳ ಮುಖ ಬದಲಾಗುತ್ತದೆ. ಮಳೆಗಾಲದಲ್ಲಿ ಒಂದು ಕಡೆ ತಡೆಗೋಡೆ ಹೊಟ್ಟೆ ಬಿಟ್ಟಿತು. ಗೋಡೆಯನ್ನು ಇನ್ನಷ್ಟು ದಪ್ಪ ಕಟ್ಟಿದರು. ಮುಂದಿನ ಮಳೆಗೆ ಅದೂ ವಾಲಿತು. ಗೋಡೆಯ ಹಿಂದಿನ ಮಣ್ಣು ನೀರು ಕುಡಿದಾಗ ಎಷ್ಟು ಭಾರವಾಗುತ್ತದೆ, ಅದರ ಬಿಗಿತ ಎಷ್ಟು ಕುಗ್ಗುತ್ತದೆ ಎಂದು ಅಳೆಯಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬಿ.ಇ.ಯಲ್ಲಿ ಮಣ್ಣಿನ ವಿಷಯ ಅವಳು ಓದಿದ್ದು ಒಂದೆರಡು ಪತ್ರಿಕೆ ಮಾತ್ರ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಅವಳು ಶಾಲೆಯಲ್ಲಿದ್ದಳು. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಅದೇ ಬಗೆಯ ಕೆಲಸದಲ್ಲಿದ್ದಳು. ಇದೇ ಅವಳ ಕಾರಣ. ಇದನ್ನು ಯಾವ ಕೋಚಿಂಗ್ ಕೇಂದ್ರವೂ ಬರೆದುಕೊಡಲಾರದು.

ಕಾರಣ ಸಿಕ್ಕಿದ ಮೇಲೆ ಅದನ್ನು ಕೋರ್ಸಿಗೆ ಜೋಡಿಸಬೇಕು. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಆ ಎಂ.ಎಸ್.ನ ಪತ್ರಿಕೆಗಳ ಪಟ್ಟಿ ಇರುತ್ತದೆ. ಅದನ್ನು ಮುಂದಿಟ್ಟುಕೊಂಡು ಓದಬೇಕು. ಇಳಿಜಾರಿನ ಸ್ಥಿರತೆಯ ಮೇಲೆ ಒಂದು ಪತ್ರಿಕೆ, ಅರ್ಧ ಒದ್ದೆ ಅರ್ಧ ಒಣ ಮಣ್ಣಿನ ವರ್ತನೆಯ ಮೇಲೆ ಇನ್ನೊಂದು, ಗುಡ್ಡದ ಒಳಗಿನ ಚಲನೆಯನ್ನೂ ನೀರಿನ ಒತ್ತಡವನ್ನೂ ಅಳೆಯುವ ಉಪಕರಣಗಳ ಮೇಲೆ ಮತ್ತೊಂದು ಇದೆ ಎನ್ನಿ. ಈ ಮೂರೂ ಅವಳ ವಾಲಿದ ಗೋಡೆಗೆ ನೇರ ಸಂಬಂಧಪಟ್ಟವು. ಕಿಟಕಿಯಲ್ಲಿ ಇದೆಲ್ಲವನ್ನೂ ಹೇಳುವ ಅಗತ್ಯವಿಲ್ಲ, ಒಂದು ಸಾಕು. ಆದರೆ ಮೂರೂ ಗೊತ್ತಿದ್ದವರು ಒಂದನ್ನು ಹೇಳುವ ರೀತಿಯೇ ಬೇರೆ.

ಈಗ ಅವಳ ಉತ್ತರ ಇಷ್ಟಾಗುತ್ತದೆ: "ನಾನು ಎರಡು ವರ್ಷ ಘಾಟಿ ರಸ್ತೆಯ ತಡೆಗೋಡೆ ಕಟ್ಟಿಸಿದ್ದೇನೆ. ಮಳೆಯಲ್ಲಿ ಗೋಡೆ ಬೀಳುತ್ತಿತ್ತು, ಏಕೆ ಎಂದು ಲೆಕ್ಕ ಹಾಕಲು ನನಗೆ ಬರುತ್ತಿರಲಿಲ್ಲ. ಈ ಕೋರ್ಸಿನಲ್ಲಿ ಇಳಿಜಾರು ಸ್ಥಿರತೆ ಮತ್ತು ಅಳತೆಯ ಉಪಕರಣಗಳ ಮೇಲೆ ಪ್ರತ್ಯೇಕ ಪತ್ರಿಕೆಗಳಿವೆ, ಅದಕ್ಕಾಗಿ ಆಯ್ದುಕೊಂಡೆ." ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದರಿಂದ ಅವಳು ಇದನ್ನು ತನಗೆ ಬರುವ ಸರಳ ಇಂಗ್ಲಿಷಿನಲ್ಲಿಯೇ ಹೇಳಬೇಕು. ಹದಿನೈದು ಇಪ್ಪತ್ತು ಸೆಕೆಂಡಿನ ಮಾತು. ಇದನ್ನು ಬಾಯಿಪಾಠ ಮಾಡಬಾರದು. ಪ್ರತಿ ಸಲವೂ ಬೇರೆ ಬೇರೆ ಪದಗಳಲ್ಲಿ ಹೇಳಿ ಅಭ್ಯಾಸ ಮಾಡಬೇಕು. ಕಂಠಪಾಠದ ಉತ್ತರ ಎಲ್ಲಿ ಸಿಕ್ಕಿಬೀಳುತ್ತದೆ ಎಂದರೆ, ನಡುವೆ ಒಂದು ಪ್ರಶ್ನೆ ತೂರಿಬಂದಾಗ. "ಗೋಡೆ ಎಷ್ಟು ಎತ್ತರ ಇತ್ತು?" ಎಂದು ಅಧಿಕಾರಿ ಸುಮ್ಮನೆ ಕೇಳಿದರೆ, ಕಟ್ಟಿಸಿದವಳು ಆರು ಮೀಟರ್ ಎಂದು ತಕ್ಷಣ ಹೇಳುತ್ತಾಳೆ. ಉರು ಹೊಡೆದವಳು ಮೊದಲ ಸಾಲಿನಿಂದ ಮತ್ತೆ ಶುರು ಮಾಡುತ್ತಾಳೆ.

ಇದರ ಬೆನ್ನಿಗೇ ಬರುವ ಪ್ರಶ್ನೆ, ಭಾರತದಲ್ಲಿ ಏಕೆ ಓದಬಾರದು ಎಂಬುದು. ಇಲ್ಲಿ ಅನೇಕರು ನಮ್ಮ ವಿದ್ಯಾಸಂಸ್ಥೆಗಳನ್ನು ಹಳಿಯಲು ಶುರು ಮಾಡುತ್ತಾರೆ. ಅದು ಸುಳ್ಳು, ಮತ್ತು ಉಪಯೋಗಕ್ಕೂ ಬಾರದು. ಮಣ್ಣಿನ ಶಾಸ್ತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸುರತ್ಕಲ್‌ನ ಎನ್‌ಐಟಿಕೆಯಲ್ಲಿಯೂ ಚೆನ್ನಾಗಿ ಕಲಿಸುತ್ತಾರೆ. ಗೇಟ್ ಬರೆದು ಅಲ್ಲಿ ಸೀಟು ಸಿಗದಿದ್ದರೆ ಹಾಗೆಂದೇ ಹೇಳಬಹುದು. ಬರೆದಿಲ್ಲದಿದ್ದರೆ, ಅಲ್ಲಿಗಿಂತ ಇಲ್ಲಿನ ಪಟ್ಟಿಯಲ್ಲಿ ನನಗೆ ಬೇಕಾದ ಯಾವ ಪತ್ರಿಕೆ ಹೆಚ್ಚಿದೆ ಎಂದು ಹೋಲಿಸಿ ಹೇಳಬೇಕು. ಹಾಗೆ ಹೇಳಬೇಕಾದರೆ ಎರಡೂ ಕಡೆಯ ಪಟ್ಟಿಯನ್ನು ನಿಜಕ್ಕೂ ನೋಡಿರಬೇಕು.

ದುಡ್ಡಿನ ವಿಷಯಕ್ಕೆ ಬರೋಣ. ಅವಳ ಐ-20ಯಲ್ಲಿ ಒಂದು ವರ್ಷಕ್ಕೆ ಬೋಧನಾ ಶುಲ್ಕ 24,000 ಡಾಲರ್, ಊಟ ವಸತಿ 14,500, ವಿಮೆ ಮತ್ತು ಇತರೆ 3,500, ಒಟ್ಟು 42,000 ಡಾಲರ್ ಎಂದಿದೆ. ವಿಶ್ವವಿದ್ಯಾಲಯ ಮೊದಲ ವರ್ಷ 4,000 ಡಾಲರ್ ವಿದ್ಯಾರ್ಥಿವೇತನ ಕೊಟ್ಟಿದೆ. ಮನೆಯವರು ಹೊಂದಿಸಬೇಕಾದ್ದು 38,000. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 90 ರೂಪಾಯಿ ಹಿಡಿದರೆ 34 ಲಕ್ಷ 20 ಸಾವಿರ. ಉಳಿದ ಅರ್ಧ ವರ್ಷಕ್ಕೆ 21,000 ಡಾಲರ್, ಅಂದರೆ 18 ಲಕ್ಷ 90 ಸಾವಿರ. ಎರಡೂ ಸೇರಿ 53 ಲಕ್ಷ 10 ಸಾವಿರ ರೂಪಾಯಿ.

ಬರುವ ಕಡೆ: ಬ್ಯಾಂಕಿನ ಶಿಕ್ಷಣ ಸಾಲ 40 ಲಕ್ಷ, ಅಪ್ಪನ ಠೇವಣಿ 9 ಲಕ್ಷ, ಅಮ್ಮನ ಉಳಿತಾಯ 6 ಲಕ್ಷ. ಒಟ್ಟು 55 ಲಕ್ಷ. ನೋಡಿದರೆ ಸಾಕಾಗುತ್ತದೆ ಎನಿಸುತ್ತದೆ. ಆದರೆ ಡಾಲರ್ 94 ರೂಪಾಯಿ ಆದರೆ ಅದೇ ಖರ್ಚು 55 ಲಕ್ಷ 46 ಸಾವಿರಕ್ಕೆ ಏರುತ್ತದೆ. ಇದ್ದಬದ್ದದ್ದೆಲ್ಲ ಸೇರಿಸಿದರೂ ಸಾಲದು. ಆದ್ದರಿಂದ ಮೂರನೆಯ ಮೂಲವನ್ನೂ ಬಾಯಲ್ಲಿ ಇಟ್ಟುಕೊಂಡಿರಬೇಕು, ಅದೇ ಮನೆಯ ವರ್ಷದ ಆದಾಯ. ಅಮ್ಮನ ಸಂಬಳ ವರ್ಷಕ್ಕೆ 9 ಲಕ್ಷ, ತೋಟದ್ದು ಖರ್ಚು ಕಳೆದು 8 ಲಕ್ಷ.

ಇಲ್ಲಿ ಮಲೆನಾಡಿನ, ಕರಾವಳಿಯ, ಕೊಡಗಿನ ಕುಟುಂಬಗಳಿಗೆ ಬರುವ ಒಂದು ತೊಡಕನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ಹಾಗಾಗಿ ಬೇರೆ ಆದಾಯವಿಲ್ಲದ ಬೆಳೆಗಾರರು ತೆರಿಗೆ ವಿವರ ಸಲ್ಲಿಸಿರುವುದೇ ಇಲ್ಲ. ತೋಟ ಕೋಟಿ ಬಾಳಬಹುದು, ಕಾಗದದಲ್ಲಿ ಮನೆ ಬಡವಾಗಿ ಕಾಣುತ್ತದೆ. ಕೆಲವರು ಇದಕ್ಕೆ ಪರಿಹಾರವೆಂದು ಜಮೀನಿನ ಮೌಲ್ಯವನ್ನೇ ಮುಂದು ಮಾಡುತ್ತಾರೆ. ಲೆಕ್ಕಪರಿಶೋಧಕರಿಂದ ಒಟ್ಟು ಆಸ್ತಿ ಮೂರು ಕೋಟಿ ಎಂದು ಪತ್ರ ಮಾಡಿಸುತ್ತಾರೆ. ಅಧಿಕಾರಿಗೆ ಆ ಮೂರು ಕೋಟಿಯಿಂದ ಸೆಪ್ಟೆಂಬರಿನ ಫೀಸು ಹೇಗೆ ಹುಟ್ಟುತ್ತದೆ ಎಂಬುದು ಬೇಕು. ತೋಟ ಮಾರಿ ಫೀಸು ಕಟ್ಟುತ್ತೀರಾ? ಇಲ್ಲವಲ್ಲ. ಹಾಗಿದ್ದರೆ ತೋಟ ತರುವ ದುಡ್ಡನ್ನು ತೋರಿಸಿ. ಅಡಿಕೆಯನ್ನು ಸೊಸೈಟಿಗೋ ಎಪಿಎಂಸಿ ಮಂಡಿಗೋ ಕ್ಯಾಂಪ್ಕೊಗೋ ಹಾಕಿದಾಗ ಪಟ್ಟಿ ಕೊಡುತ್ತಾರೆ, ಹಣ ಬ್ಯಾಂಕಿಗೆ ಬರುತ್ತದೆ. ಮೂರು ವರ್ಷದ ಆ ಪಟ್ಟಿಗಳು, ಅದಕ್ಕೆ ಹೊಂದುವ ಬ್ಯಾಂಕ್ ಪುಸ್ತಕ, ಪಹಣಿ, ಇವು ಮೂರು ಸೇರಿದರೆ ಆದಾಯದ ಕತೆ ಪೂರ್ತಿಯಾಗುತ್ತದೆ. ಹಳ್ಳಿಯ ವ್ಯಾಪಾರಿಗೆ ನಗದಿಗೆ ಮಾರಿದ ಅಡಿಕೆಗೆ ಈ ಗುರುತು ಉಳಿಯುವುದಿಲ್ಲ. ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇರುವ ಮನೆಯವರು ಒಂದೆರಡು ವರ್ಷ ಮೊದಲಿನಿಂದಲೇ ಬೆಳೆಯ ಹಣವನ್ನು ಬ್ಯಾಂಕಿನ ಮೂಲಕ ತೆಗೆದುಕೊಳ್ಳುವುದು ಒಳ್ಳೆಯದು.

ಸಾಲದ ಕಡೆಯೂ ಇದೇ ಜಮೀನಿನ ತೊಂದರೆ ಇದೆ. ಬಹುಪಾಲು ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನವಾಗಿ ತೆಗೆದುಕೊಳ್ಳುವುದಿಲ್ಲ. ಮನೆ, ನಿವೇಶನ, ಠೇವಣಿ, ಎಲ್‌ಐಸಿ ಪಾಲಿಸಿ ಇಂಥವು ಆಗುತ್ತವೆ. ನಮ್ಮ ಹುಡುಗಿಯ ಮನೆಯವರು ಶಿವಮೊಗ್ಗದಲ್ಲಿ ಅಮ್ಮನ ಹೆಸರಿನಲ್ಲಿರುವ ಮನೆಯನ್ನು ಕೊಟ್ಟಿದ್ದಾರೆ. ಖಾತೆ, ಋಣಭಾರ ಪತ್ರ, ವಕೀಲರ ಅಭಿಪ್ರಾಯ, ಮೌಲ್ಯಮಾಪನ ಎಲ್ಲ ಆಗಬೇಕು. ಹಳ್ಳಿಯ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆಯೂ ಬೇಕು. ಇದಕ್ಕೆಲ್ಲ ತಿಂಗಳಿಗೂ ಹೆಚ್ಚು ಹಿಡಿಯುವುದು ಸಾಮಾನ್ಯ. ಆದ್ದರಿಂದ ಬ್ಯಾಂಕು ಮೊದಲು ತಾತ್ವಿಕ ಒಪ್ಪಿಗೆ ಎಂಬ ಪತ್ರ ಕೊಡುತ್ತದೆ. ಅಂತಿಮ ಮಂಜೂರಾತಿ ಬೇರೆ. ಎರಡರ ತಲೆಬರಹವೂ ಒಂದೇ ತರಹ ಕಾಣುವುದರಿಂದ ಮಕ್ಕಳು ಮೊದಲನೆಯದನ್ನೇ ಹಿಡಿದುಕೊಂಡು ಹೋಗುತ್ತಾರೆ. ಪತ್ರದ ಕೆಳಗಿನ ಷರತ್ತುಗಳನ್ನು ಓದಿ. "ಆಸ್ತಿ ಪರಿಶೀಲನೆಗೆ ಒಳಪಟ್ಟು" ಎಂಬ ಅರ್ಥದ ಸಾಲು ಇದ್ದರೆ ಸಾಲ ಇನ್ನೂ ನಿಮ್ಮದಾಗಿಲ್ಲ.

ಸಾಲ ಎಂದ ಕೂಡಲೆ ಅಧಿಕಾರಿ ತೀರಿಸುವುದು ಹೇಗೆ ಎಂದು ಕೇಳಬಹುದು. ನನ್ನ ಮುಂದೆ ಕೂತ ಮಕ್ಕಳಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. "ಅಲ್ಲಿ ಕೆಲಸ ಸಿಗುತ್ತದಲ್ಲ ಮೇಡಂ, ಎರಡು ವರ್ಷದಲ್ಲಿ ತೀರಿಸುತ್ತೇನೆ" ಎನ್ನುತ್ತಾರೆ. ಓದಲು ಹೊರಟಿದ್ದೇನೆ ಎಂದು ಈಗಷ್ಟೇ ಹೇಳಿದವರು, ದುಡಿಯಲು ಹೊರಟಿದ್ದೇನೆ ಎಂದು ಹೇಳಿದಂತಾಯಿತು. ಇದನ್ನು ಮುಚ್ಚಿಡುವ ಉಪಾಯವನ್ನು ನಾನು ಹೇಳಿಕೊಡುವುದಿಲ್ಲ. ಲೆಕ್ಕವನ್ನೇ ಬದಲಿಸಿ ಎನ್ನುತ್ತೇನೆ. 40 ಲಕ್ಷಕ್ಕೆ ಶೇ. 10ರ ಬಡ್ಡಿ ಎಂದರೆ, ಪೂರ್ತಿ ಸಾಲ ತೆಗೆದುಕೊಂಡ ಮೇಲೆ ತಿಂಗಳಿಗೆ ಸುಮಾರು 33,000 ರೂಪಾಯಿ ಬಡ್ಡಿ. ಓದುವಷ್ಟು ಕಾಲ ಅದನ್ನು ಅಮ್ಮನ ಸಂಬಳದಲ್ಲಿ ಕಟ್ಟಿದರೆ ಅಸಲು ಬೆಳೆಯುವುದಿಲ್ಲ. ಆಮೇಲೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 53,000. ವರ್ಷಕ್ಕೆ 6 ಲಕ್ಷ 35 ಸಾವಿರದ ಆಸುಪಾಸು. 17 ಲಕ್ಷ ಆದಾಯದ ಮನೆಗೆ ಇದು ಬಿಗಿಯೇ, ಆದರೆ ಆಗದ ಮಾತಲ್ಲ. ಅವಳು ಊರಿಗೆ ಬಂದು ಇಲ್ಲಿನ ಸಂಬಳಕ್ಕೇ ದುಡಿದರೂ ಸಾಲ ತೀರುತ್ತದೆ ಎಂದು ತೋರಿಸಬಲ್ಲ ಲೆಕ್ಕ ಇದು. ಹೀಗೆ ಲೆಕ್ಕ ಹಾಕಿದಾಗ ಮನೆಗೆ ತಾಳುವುದಿಲ್ಲ ಎಂದು ಕಂಡರೆ ಆ ಕೋರ್ಸು ದುಬಾರಿಯಾಯಿತು. ವೀಸಾ ಅಧಿಕಾರಿ ಹೇಳುವ ಮೊದಲು ಅದು ಮನೆಯವರಿಗೇ ಗೊತ್ತಾಗುವುದು ಒಳ್ಳೆಯದು. ಅಮೆರಿಕದ ಕೆಲಸವೊಂದನ್ನೇ ನಂಬಿ ಮನೆ ಅಡವಿಡುವ ಯೋಜನೆ ಕಿಟಕಿಯಲ್ಲಿ ಪಾಸಾದರೂ ನನ್ನ ಮಟ್ಟಿಗೆ ಅಪಾಯದ ಯೋಜನೆಯೇ.

ಓದು ಮುಗಿದ ಮೇಲೆ ಅಲ್ಲಿಯೇ ಒಂದು ವರ್ಷ ಕೆಲಸದ ತರಬೇತಿ ಪಡೆಯಲು ಎಫ್-1 ನಿಯಮಗಳಲ್ಲಿಯೇ ಅವಕಾಶವಿದೆ, ಇಂಜಿನಿಯರಿಂಗ್‌ನಂಥ ವಿಷಯಗಳಿಗೆ ಇನ್ನೂ ಎರಡು ವರ್ಷ ವಿಸ್ತರಣೆಯೂ ಇದೆ. ಅದರ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಬಹುದು. ಆದರೆ ಅದನ್ನು ಫೀಸಿನ ಮೂಲವಾಗಿ ತೋರಿಸುವಂತಿಲ್ಲ. ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾಡಬಹುದಾದ ಸಣ್ಣ ಕೆಲಸವನ್ನೂ ಫೀಸಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಲೇಬೇಕು. ಖಾತೆಯಲ್ಲಿ ದುಡ್ಡು ತೋರಿಸಲು ಹದಿನೈದು ದಿನಕ್ಕೆ 20 ಲಕ್ಷ ಹಾಕಿಕೊಡುತ್ತೇವೆ, ಇಷ್ಟು ಕಮಿಷನ್ ಕೊಡಿ ಎನ್ನುವವರು ಇದ್ದಾರೆ. ವರ್ಷವಿಡೀ 30,000 ಇದ್ದ ಖಾತೆಗೆ ಸಂದರ್ಶನದ ಹಿಂದಿನ ವಾರ 20 ಲಕ್ಷ ಬಂದು ಬಿದ್ದರೆ ಅದು ಏನೆಂದು ಯಾರಿಗಾದರೂ ತಿಳಿಯುತ್ತದೆ. ಇದು ಬರೀ ವೀಸಾ ಕೈತಪ್ಪುವ ಮಾತಲ್ಲ. ವೀಸಾ ಪಡೆಯಲು ಸುಳ್ಳು ದಾಖಲೆ ಕೊಟ್ಟರೆಂದು ತೀರ್ಮಾನವಾದರೆ ಅಮೆರಿಕದ ಕಾನೂನಿನಲ್ಲಿ ಆ ವ್ಯಕ್ತಿಗೆ ಜೀವನಪರ್ಯಂತ ಪ್ರವೇಶ ನಿಷೇಧವಾಗಬಹುದು. ಠೇವಣಿ ಒಡೆದೋ ನಿವೇಶನ ಮಾರಿಯೋ ನಿಜವಾಗಿ ಬಂದ ದೊಡ್ಡ ಮೊತ್ತವಾದರೆ ಹೆದರಬೇಕಿಲ್ಲ. ಆ ವ್ಯವಹಾರದ ಕಾಗದ ಜೊತೆಗಿಟ್ಟುಕೊಳ್ಳಿ, ಕೇಳಿದರೆ ಒಂದು ವಾಕ್ಯದಲ್ಲಿ ಹೇಳಿ.

ಎಲ್ಲ ಸೇರಿ ನಮ್ಮ ಹುಡುಗಿಯ ದುಡ್ಡಿನ ಉತ್ತರ ಹೀಗೆ ನಿಲ್ಲುತ್ತದೆ: "ಮೊದಲ ವರ್ಷಕ್ಕೆ 42,000 ಡಾಲರ್ ಬೇಕು. 4,000 ವಿಶ್ವವಿದ್ಯಾಲಯ ಕೊಡುತ್ತದೆ. ಉಳಿದದ್ದಕ್ಕೆ 40 ಲಕ್ಷ ರೂಪಾಯಿ ಬ್ಯಾಂಕ್ ಸಾಲ ಮಂಜೂರಾಗಿದೆ, ಅಪ್ಪ ಅಮ್ಮನ 15 ಲಕ್ಷ ಉಳಿತಾಯವಿದೆ." ಇಷ್ಟೇ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ "ಅಡಿಕೆ ಬೆಳೆಗಾರರು, ಮೂರು ಎಕರೆ ತೋಟ, ವರ್ಷಕ್ಕೆ ಎಂಟು ಲಕ್ಷದಷ್ಟು ಉಳಿಯುತ್ತದೆ." ಅಮೆರಿಕದವರಿಗೆ ಲಕ್ಷ ಎಂದರೆ ತಿಳಿಯುವುದಿಲ್ಲ ಎಂಬ ಚಿಂತೆ ಬೇಡ, ಚೆನ್ನೈನಲ್ಲಿ ಕೂತವರು ದಿನವೂ ಅದನ್ನೇ ಕೇಳುತ್ತಾರೆ. ಮೊತ್ತದ ಡಾಲರ್ ಲೆಕ್ಕವೂ ನಾಲಿಗೆ ತುದಿಯಲ್ಲಿ ಇದ್ದರೆ ಸಾಕು.

ಓದಿದ ಮೇಲೆ ಏನು ಎಂಬ ಪ್ರಶ್ನೆಗೆ ಪ್ರತ್ಯೇಕ ತಯಾರಿ ಬೇಡ. ಗೋಡೆ ವಾಲಿದ್ದಕ್ಕೆ ಕಾರಣ ಹುಡುಕಲು ಹೊರಟವಳು ಆ ಗೋಡೆ ಇರುವ ಊರಿಗೆ ಬರುವುದು ಸಹಜವಾಗಿಯೇ ಕೇಳಿಸುತ್ತದೆ. ಕೇಳದೆಯೇ "ನಾನು ಖಂಡಿತ ವಾಪಸ್ ಬರುತ್ತೇನೆ, ತಾಯ್ನಾಡಿನ ಸೇವೆ ಮಾಡುತ್ತೇನೆ" ಎಂದು ಶುರು ಮಾಡಿದರೆ ಮಾತ್ರ ಅನುಮಾನ ಹುಟ್ಟುತ್ತದೆ.

ಅಧಿಕಾರಿ ಪಾಸ್‌ಪೋರ್ಟ್ ಇಟ್ಟುಕೊಂಡು ವೀಸಾ ಮಂಜೂರಾಗಿದೆ ಎಂದರೆ ಕೆಲಸ ಮುಗಿಯಿತು. 221(ಜಿ) ಎಂಬ ಚೀಟಿ ಕೊಟ್ಟರೆ ಇನ್ನೂ ಯಾವುದೋ ದಾಖಲೆ ಅಥವಾ ಪರಿಶೀಲನೆ ಬಾಕಿ ಇದೆ ಎಂದು ಅರ್ಥ. ಕೇಳಿದ್ದನ್ನು ಒದಗಿಸಿ ಕಾಯಬೇಕು. ಪಾಸ್‌ಪೋರ್ಟಿನ ಜೊತೆಗೆ 214(ಬಿ) ಪತ್ರ ಕೈಗೆ ಬಂದರೆ ನಿರಾಕರಣೆ. ಅದಕ್ಕೆ ಮೇಲ್ಮನವಿ ಇಲ್ಲ. ಹೊಸ ಅರ್ಜಿ ತುಂಬಿ, 185 ಡಾಲರ್ ಶುಲ್ಕವನ್ನು ಮತ್ತೆ ಕಟ್ಟಿ ಇನ್ನೊಮ್ಮೆ ಹೋಗಬಹುದು. ಸೆವಿಸ್ ಎಂದು ಕರೆಯುವ 350 ಡಾಲರಿನ ಇನ್ನೊಂದು ಶುಲ್ಕವನ್ನು ಅದೇ ಬಗೆಯ ವೀಸಾಕ್ಕೆ ನಿರಾಕರಣೆಯ ನಂತರದ 12 ತಿಂಗಳೊಳಗೆ ಮತ್ತೆ ಹೋಗುವುದಾದರೆ ಎರಡನೆಯ ಸಲ ಕಟ್ಟಬೇಕಿಲ್ಲ. ಆದರೆ ಮುಂದಿನ ವಾರವೇ ಅದೇ ಕಾಗದ, ಅದೇ ಉತ್ತರ ಹಿಡಿದು ಓಡುವುದರಲ್ಲಿ ಅರ್ಥವಿಲ್ಲ. ಹಿಂದಿನ ಸಂದರ್ಶನದ ಟಿಪ್ಪಣಿ ಹೊಸ ಅಧಿಕಾರಿಗೂ ಕಾಣುತ್ತದೆ. ಹೊರಬಂದ ಕೂಡಲೆ ಯಾವ ಪ್ರಶ್ನೆ ಕೇಳಿದರು, ನಾನು ಏನು ಹೇಳಿದೆ ಎಂದು ಬರೆದಿಟ್ಟುಕೊಳ್ಳಿ. ಮಾತು ಯಾವ ಪ್ರಶ್ನೆಯ ನಂತರ ನಿಂತಿತು ಎಂದು ನೋಡಿದರೆ ಎಲ್ಲಿ ಸಡಿಲವಿತ್ತು ಎಂಬ ಸುಳಿವು ಸಿಗುತ್ತದೆ. ಸಾಲ ತಾತ್ವಿಕ ಹಂತದಲ್ಲಿದ್ದದ್ದು ಅಂತಿಮವಾಗಿದೆಯೇ, ಅರ್ಜಿಯ ತಪ್ಪು ತಿದ್ದಿದೆಯೇ, ಹೀಗೆ ಏನಾದರೂ ಒಂದು ನಿಜವಾಗಿ ಬದಲಾದ ಮೇಲೆ ಹೋಗಿ.

ಕೊನೆಯದಾಗಿ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಮನೆಯ ಸಾಲ ಸೋಲ ಮಕ್ಕಳಿಗೆ ಗೊತ್ತಾಗಬಾರದು, ಹೆಣ್ಣುಮಕ್ಕಳಿಗಂತೂ ಗೊತ್ತಾಗಲೇಬಾರದು ಎಂದು ನಾವು ಬೆಳೆದು ಬಂದಿದ್ದೇವೆ. ಆ ಕಿಟಕಿಯ ಮುಂದೆ ಮಗಳು ಒಬ್ಬಳೇ ನಿಂತಿರುತ್ತಾಳೆ, ನೀವು ಗೇಟಿನ ಹೊರಗೆ ಕಾಯುತ್ತಿರುತ್ತೀರಿ. ಸಂದರ್ಶನದ ದಿನ ಗೊತ್ತಾದ ಸಂಜೆಯೇ ಬ್ಯಾಂಕ್ ಪುಸ್ತಕ, ಸಾಲದ ಪತ್ರ, ಅಡಿಕೆ ಮಾರಿದ ಪಟ್ಟಿ, ಸಂಬಳದ ಚೀಟಿ ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿ ಅವಳ ಜೊತೆ ಕೂರಿ. ಲೆಕ್ಕವನ್ನು ಅವಳ ಕೈಯಲ್ಲೇ ಬರೆಸಿ.